ವರ್ಷದ ರಜೆಗೆ ಪ್ರಪಂಚ ಸುತ್ತು: ಒಂದೇ ಟಿಕೆಟ್ಟೋ, ಬಿಡಿ ಬಿಡಿಯೋ?

ಕೆಲಸದಿಂದ ಒಂದು ವರ್ಷ ಸಬ್ಯಾಟಿಕಲ್ ತಗೊಂಡು ಪ್ರಪಂಚ ಸುತ್ತಿ ಬರೋಣ ಅಂತ ಹೊರಡುವವರು ಈಗ ಕಡಿಮೆಯೇನಿಲ್ಲ. ಅವರೆಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ. ಏರ್‌ಲೈನ್ ಒಕ್ಕೂಟಗಳು ಮಾರುವ 'ರೌಂಡ್ ದ ವರ್ಲ್ಡ್' ಟಿಕೆಟ್ ತಗೋಬೇಕಾ, ಇಲ್ಲಾ ಒಂದೊಂದು ಹಾರಾಟವನ್ನೂ ಬೇರೆ ಬೇರೆಯಾಗಿ ಕೊಂಡು ಜೋಡಿಸ್ಕೋಬೇಕಾ? ಇವತ್ತು ಒಂದು ನಿಜವಾದ ದಾರಿಯನ್ನೇ ಹಿಡಿದು ಇದನ್ನ ನೋಡೋಣ.

ಮೊದಲು ಈ ಟಿಕೆಟ್ ಏನು ಅಂತ ತಿಳ್ಕೊಳ್ಳೋಣ. ಸ್ಟಾರ್ ಅಲಯನ್ಸ್ ಟಿಕೆಟ್‌ನಲ್ಲಿ ನೀವು ಕ್ರಮಿಸುವ ಒಟ್ಟು ಮೈಲಿಗಳ ಮೇಲೆ ದರ. ಒನ್‌ವರ್ಲ್ಡ್ ಒಕ್ಕೂಟದ 'ಎಕ್ಸ್‌ಪ್ಲೋರರ್' ಟಿಕೆಟ್‌ನಲ್ಲಿ ಮೈಲಿ ಲೆಕ್ಕ ಇಲ್ಲ, ಎಷ್ಟು ಖಂಡ ಮುಟ್ಟುತ್ತೀರಿ ಅನ್ನೋದರ ಮೇಲೆ ದರ, ಒಟ್ಟು 16 ಹಾರಾಟಗಳ ತನಕ ಅವಕಾಶ. ಎರಡರ ಅವಧಿಯೂ ಒಂದು ವರ್ಷ. ಎರಡರಲ್ಲೂ ಪೂರ್ವಕ್ಕೋ ಪಶ್ಚಿಮಕ್ಕೋ ಒಂದೇ ದಿಕ್ಕಿಗೆ ಹೋಗಬೇಕು, ಅಟ್ಲಾಂಟಿಕ್ ಒಮ್ಮೆ, ಪೆಸಿಫಿಕ್ ಒಮ್ಮೆ ದಾಟಬೇಕು, ಹೊರಟ ದೇಶಕ್ಕೇ ಬಂದು ಮುಗಿಸಬೇಕು. ಈ ಕೊನೆಯ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಇದೇ ಮುಖ್ಯ ಆಗುತ್ತೆ.

ಈಗ ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಡೋಣ. ಕತಾರ್ ಏರ್‌ವೇಸ್‌ನಲ್ಲಿ ದೋಹಾ, ಅಲ್ಲಿಂದ ಮ್ಯಾಡ್ರಿಡ್. ಯುರೋಪಿನಲ್ಲಿ ಎರಡು ತಿಂಗಳು ರೈಲಿನಲ್ಲಿ ಓಡಾಡಿ, ಐಬೇರಿಯಾ ವಿಮಾನದಲ್ಲಿ ಬ್ಯೂನಸ್ ಐರಿಸ್. ಅಲ್ಲಿಂದ ಬಸ್ಸಿನಲ್ಲಿ ಆಂಡಿಸ್ ಪರ್ವತ ದಾಟಿ ಚಿಲಿಯ ಸಾಂಟಿಯಾಗೊ. ಸಾಂಟಿಯಾಗೊದಿಂದ ಕ್ವಾಂಟಾಸ್‌ನಲ್ಲಿ ಸಿಡ್ನಿ, ನಂತರ ಟೋಕಿಯೊ, ಕ್ವಾಲಾಲಂಪುರ, ಮತ್ತೆ ಬೆಂಗಳೂರು. ಹಾರಾಟ ಏಳೇ. ಬಸ್ಸಿನಲ್ಲಿ ಹೋದ ದಾರಿಯೂ ಒಂದು ಹಾರಾಟದ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಎಂಟು. ದೋಹಾವನ್ನ ಯುರೋಪಿನ ಗುಂಪಿಗೇ ಸೇರಿಸುವುದರಿಂದ ಖಂಡ ನಾಲ್ಕು: ಏಷ್ಯಾ, ಯುರೋಪ್, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ.

ಸರಿ, ಇದು ಲಾಭವಾ? ಏಳೂ ಹಾರಾಟಗಳ ದರ ಹುಡುಕುತ್ತಾ ಕೂರಬೇಡಿ, ಸಾಗರ ದಾಟುವ ಎರಡರ ದರ ಮೊದಲು ನೋಡಿ. ಕ್ವಾಲಾಲಂಪುರದಿಂದ ಬೆಂಗಳೂರಿಗೆ ಕಡಿಮೆ ದರದ ವಿಮಾನಗಳು ಬೇಕಾದಷ್ಟಿವೆ, ಅದನ್ನ ದೊಡ್ಡ ಟಿಕೆಟ್‌ನಲ್ಲಿ ಸೇರಿಸಿದ್ರೆ ಉಳಿತಾಯ ಏನೂ ಇಲ್ಲ. ಆದರೆ ಸಾಂಟಿಯಾಗೊ–ಸಿಡ್ನಿ ನೇರ ಹಾರುವವರು ಬೆರಳೆಣಿಕೆ. ಪೈಪೋಟಿ ಇಲ್ಲದ ಕಡೆ ಒನ್-ವೇ ದರ ಹೋಗಿಬರುವ ಟಿಕೆಟ್‌ನ ದರಕ್ಕೇ ಹತ್ತಿರ ಬರೋದುಂಟು, ಕೆಲವೊಮ್ಮೆ ಅದನ್ನೂ ಮೀರುತ್ತೆ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ದಾಟುವ ಈ ಎರಡರ ಒನ್-ವೇ ದರ ಕೂಡಿಸಿ. ಆ ಮೊತ್ತವೇ ದೊಡ್ಡ ಟಿಕೆಟ್‌ನ ಅರ್ಧ ದಾಟಿದ್ರೆ ಉಳಿದದ್ದನ್ನೂ ಹಾಕಿ ಪೂರ್ತಿ ಹೋಲಿಸಿ. ದಾಟದಿದ್ರೆ ಬಿಡಿ ಟಿಕೆಟ್ಟೇ ಅಗ್ಗ ಆಗುವ ಸಾಧ್ಯತೆ ಜಾಸ್ತಿ. ಹೋಲಿಸುವಾಗ ದೊಡ್ಡ ಟಿಕೆಟ್‌ಗೆ ತೆರಿಗೆ, ಸರ್‌ಚಾರ್ಜ್ ಸೇರಿಸಿ. ಬಿಡಿ ಟಿಕೆಟ್‌ಗೆ ಲಗೇಜಿನ ದುಡ್ಡು ಸೇರಿಸಿ, ಯಾಕಂದ್ರೆ ಅಗ್ಗದ ವಿಮಾನದ ಮೂಲ ದರದಲ್ಲಿ ದೊಡ್ಡ ಬ್ಯಾಗ್ ಇರೋದಿಲ್ಲ.

ಇಷ್ಟಾದ್ರೆ ಲೆಕ್ಕ ಮುಗೀತು ಅಂತ ಅನ್ಸುತ್ತೆ. ಅಮೆರಿಕದ ಅಥವಾ ಜರ್ಮನಿಯ ಪಾಸ್‌ಪೋರ್ಟ್ ಇದ್ದವರಿಗೆ ಹೆಚ್ಚುಕಮ್ಮಿ ಮುಗಿದ ಹಾಗೇ. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಅಸಲಿ ಲೆಕ್ಕ ಶುರುವಾಗೋದು ಇಲ್ಲಿಂದ. ಅದು ವೀಸಾದ ಕ್ಯಾಲೆಂಡರ್.

ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವ ಹಾಗಿಲ್ಲ. ಸಾಮಾನ್ಯವಾಗಿ ನೀವು ವಾಸವಿರುವ ದೇಶದಲ್ಲೇ ಹಾಕಬೇಕು. ಜಪಾನ್ ಪ್ರವಾಸಿಗರಿಗೆ ಸಾಮಾನ್ಯವಾಗಿ ಕೊಡುವ ಒಂದು ಸಲದ ವೀಸಾ, ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಬಳಸಬೇಕು. ಅದಕ್ಕೂ ವಾಸವಿರುವ ದೇಶದಿಂದಲೇ ಅರ್ಜಿ. ಈಗ ನಮ್ಮ ದಾರಿ ನೋಡಿ. ಯುರೋಪ್ ಮೊದಲಿಗೇ ಇದೆ, ತೊಂದರೆ ಇಲ್ಲ. ಟೋಕಿಯೊ ಬರೋದು ಒಂಬತ್ತನೇ ತಿಂಗಳಿಗೆ. ಹೊರಡುವ ಮುಂಚೆ ಪಡೆದ ಜಪಾನ್ ವೀಸಾ ಅಷ್ಟೊತ್ತಿಗೆ ಸತ್ತಿರುತ್ತೆ, ಸಿಡ್ನಿಯಲ್ಲಿ ಕೂತು ಪ್ರವಾಸಿಯಾಗಿ ಇನ್ನೊಂದು ಪಡೆಯೋದು ನಂಬಿಕೊಳ್ಳುವ ವಿಷಯ ಅಲ್ಲ.

ದಿಕ್ಕನ್ನೇ ತಿರುಗಿಸಿ ಪೂರ್ವಕ್ಕೆ ಹೊರಟರೆ? ಆಗ ಜಪಾನ್ ಮೊದಲು ಬರುತ್ತೆ, ಆದರೆ ಯುರೋಪ್ ಹತ್ತನೇ ತಿಂಗಳಿಗೆ ಹೋಗುತ್ತೆ. ಆರು ತಿಂಗಳ ಮಿತಿಯಿಂದ ಅದು ಸಿಕ್ಕಿಬೀಳುತ್ತೆ. ಒಂದು ತುದಿ ಬಿಡಿಸಿದ್ರೆ ಇನ್ನೊಂದು ಗಂಟಾಗುತ್ತೆ.

ಮಧ್ಯೆ ಒಮ್ಮೆ ಮನೆಗೆ ಬಂದು ವೀಸಾ ಮಾಡಿಸ್ಕೊಂಡು ಹೋದ್ರೆ ಆಯ್ತಲ್ಲ ಅಂತೀರಿ. ಆಗಲೇ ಹೇಳಿದ ನಿಯಮ ಇಲ್ಲಿ ಅಡ್ಡ ಬರುತ್ತೆ. ಭಾರತಕ್ಕೆ ಬಂದ್ರೆ ಆ ಟಿಕೆಟ್‌ನ ಸುತ್ತು ಮುಗೀತು. ಬರಲೇಬೇಕಾದ್ರೆ ಒಂದು ನಿಲ್ದಾಣದಿಂದ ಭಾರತಕ್ಕೆ ಬೇರೆಯದೇ ಹೋಗಿಬರುವ ಟಿಕೆಟ್ ಕೊಳ್ಳಬೇಕು, ಅಂದ್ರೆ ಉಳಿಸಿದ ದುಡ್ಡು ಅಲ್ಲೇ ಹೋಯ್ತು.

ಹಾಗಾಗಿ ನಿರ್ಧಾರ ಹೀಗೆ ಮಾಡಿ. ನಿಮ್ಮ ಬಳಿ ಈಗಾಗಲೇ ಹಲವು ವರ್ಷದ, ಹಲವು ಸಲ ಪ್ರವೇಶದ ಷೆಂಗೆನ್ ವೀಸಾ ಇದೆಯಾ? ಹಾಗಿದ್ರೆ ಪೂರ್ವಕ್ಕೆ ಹೊರಟು ಜಪಾನ್ ಮೊದಲು, ಯುರೋಪ್ ಕೊನೆಗೆ ಇಟ್ಟು ಒಂದೇ ಟಿಕೆಟ್ ಕೊಳ್ಳಿ. ಆಸ್ಟ್ರೇಲಿಯಾ ವೀಸಾಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ದಕ್ಷಿಣ ಅಮೆರಿಕದ ಕೆಲವು ದೇಶಗಳು ಅಮೆರಿಕದ ವೀಸಾ ಇರುವ ಭಾರತೀಯರಿಗೆ ಬೇರೆ ವೀಸಾ ಕೇಳೋದಿಲ್ಲ, ಆದರೆ ಅಮೆರಿಕದ ವೀಸಾಗೆ ಇನ್ನೆಷ್ಟು ತಿಂಗಳು ಬಾಕಿ ಇರಬೇಕು ಅಂತ ಆಯಾ ದೇಶದ ನಿಯಮ ನೋಡ್ಕೊಳ್ಳಿ. ಷೆಂಗೆನ್ ವೀಸಾ ಹೊಸದಾಗಿ ಬೇಕಾ? ಆಗ ಪಶ್ಚಿಮಕ್ಕೆ ಹೊರಡಿ, ಟೋಕಿಯೊವನ್ನ ಈ ಸುತ್ತಿನಿಂದ ತೆಗೆದು ಸಿಡ್ನಿಯಿಂದ ನೇರ ಕ್ವಾಲಾಲಂಪುರಕ್ಕೆ ಬನ್ನಿ. ಜಪಾನ್‌ಗೆ ಬೆಂಗಳೂರಿನಿಂದಲೇ ಬೇರೆ ಹೋಗಿಬನ್ನಿ. ಯುರೋಪೂ ಜಪಾನೂ ಎರಡೂ ಈ ವರ್ಷವೇ ಬೇಕು, ಎರಡಕ್ಕೂ ವೀಸಾ ಇಲ್ಲ ಅನ್ನೋರಿಗೆ ಬಿಡಿ ಟಿಕೆಟ್ಟೇ ಸರಿ. ವರ್ಷವನ್ನ ಎರಡು ಸುತ್ತಾಗಿ ಒಡೆದು, ಮಧ್ಯೆ ಒಂದು ತಿಂಗಳು ಮನೆಯಲ್ಲಿದ್ದು ವೀಸಾ ಮಾಡಿಸ್ಕೊಳ್ಳಿ.

ಎರಡು ಎಚ್ಚರಿಕೆ. ಒಂದೇ ಟಿಕೆಟ್ ಕೊಂಡವರು ಯಾವ ಹಾರಾಟವನ್ನೂ ಹೇಳದೆ ತಪ್ಪಿಸಬಾರದು. ಒಂದು ತಪ್ಪಿದ್ರೆ ಮುಂದಿನದೆಲ್ಲ ರದ್ದಾಗುತ್ತೆ. ದಾರಿಯಲ್ಲಿ ದಿನಾಂಕ ಬದಲಿಸಲು ಸಾಮಾನ್ಯವಾಗಿ ದುಡ್ಡಿಲ್ಲ, ಆ ದರ್ಜೆಯಲ್ಲಿ ಸೀಟು ಇರಬೇಕಷ್ಟೆ. ಊರು ಬದಲಿಸಿದ್ರೆ ಶುಲ್ಕ ಬೀಳುತ್ತೆ. ಏರ್‌ಲೈನ್‌ಗಳು ಸೀಟು ತೆರೆಯೋದೇ ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಕಡಿಮೆ ಸಮಯ ಮುಂಚೆ. ಹಾಗಾಗಿ ಕೊನೆಯ ಹಾರಾಟಗಳಿಗೆ ಸದ್ಯಕ್ಕೊಂದು ದಿನಾಂಕ ಹಾಕಿಸಿ, ಆಮೇಲೆ ಮುಂದೆ ದೂಡಿ.

ಬಿಡಿ ಟಿಕೆಟ್ ಕೊಂಡವರಿಗೆ ಅಪಾಯ ಇರೋದು ಒಂದೇ ದಿನ ಎರಡು ವಿಮಾನ ಜೋಡಿಸಿದಾಗ. ಮೊದಲನೆಯದು ತಡವಾದ್ರೆ ಎರಡನೆಯ ಕಂಪನಿಗೆ ಅದು ಸಂಬಂಧವಿಲ್ಲದ ವಿಷಯ, ದುಡ್ಡು ಹೋಯ್ತು. ಇನ್ನೂ ಒಂದಿದೆ. ಬ್ಯಾಗ್ ಮುಂದಿನ ವಿಮಾನಕ್ಕೆ ತಾನಾಗೇ ಹೋಗೋದಿಲ್ಲ. ಹೊರಗೆ ಬಂದು ಎತ್ಕೊಂಡು ಮತ್ತೆ ಕೊಡಬೇಕು, ಹೊರಗೆ ಬರೋಕೆ ಆ ದೇಶದ ವೀಸಾ ಬೇಕು. ಬೆಂಗಳೂರಿನ ಕೌಂಟರ್‌ನಲ್ಲೇ ಬೋರ್ಡಿಂಗ್ ಪಾಸ್ ಕೊಡದೆ ನಿಲ್ಲಿಸಬಹುದು. ಅದಕ್ಕೆ ವೀಸಾ ಬೇಡದ, ಇಲ್ಲವೇ ನಿಮ್ಮ ಬಳಿ ವೀಸಾ ಇರುವ ಊರಿನಲ್ಲೇ ಟಿಕೆಟ್ ಕಡಿದು, ಅಲ್ಲಿ ಒಂದು ರಾತ್ರಿ ಉಳಿಯಿರಿ.

ಟಿಕೆಟ್ ಸೈಟ್ ತೆರೆಯೋ ಮುಂಚೆ ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು, ಪ್ರತಿ ದೇಶದ ಮುಂದೆ ವೀಸಾ ಎಲ್ಲಿಂದ, ಎಷ್ಟು ಮುಂಚೆ ಅಂತ ಗುರುತು ಹಾಕಿ. ದರ ನೋಡೋದು ಅದಾದ ಮೇಲೆ.