ಮಾದರಿ ಸಂದರ್ಶನ: ಮ್ಯಾನೇಜರ್ ಪಾತ್ರವನ್ನು ಮೊದಲು ಬರೆಯಿರಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಕಳೆದ ವರ್ಷ ನಮ್ಮ ವಿದ್ಯಾರ್ಥಿವೇತನದಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಒಂದು ಕಂಪನಿಯ ಕಸ್ಟಮರ್ ಸಪೋರ್ಟ್ ಕೆಲಸದ ಸಂದರ್ಶನಕ್ಕೆ ಹೋಗಿ ಬರಿಗೈಯಲ್ಲಿ ಬಂದಳು. ಹೋಗುವ ಮುಂಚೆ ನಾನೇ ಅವಳಿಂದ ಹದಿನೈದು ಪ್ರಶ್ನೆ, ಹದಿನೈದು ಉತ್ತರ ಬರೆಸಿ ಬಾಯಿಪಾಠ ಮಾಡಿಸಿದ್ದೆ. ಹಾಗಾಗಿ ಆ ಸೋಲಿನಲ್ಲಿ ನನ್ನ ಪಾಲೂ ಇದೆ. ಏನಾಯಿತು ಎಂದು ಕೇಳಿದೆ. "ಸರ್, ಮೊದಲ ಉತ್ತರ ಚೆನ್ನಾಗಿ ಹೇಳಿದೆ. 'ನನಗೆ ತಾಳ್ಮೆ ಜಾಸ್ತಿ' ಅಂದೆ. ಅವರು 'ಯಾವಾಗ ತಾಳ್ಮೆ ತೋರಿಸಿದ್ರಿ, ಒಂದು ಸಲದ್ದು ಹೇಳಿ' ಅಂದರು. ಅದು ನಮ್ಮ ಹಾಳೆಯಲ್ಲಿ ಇರಲಿಲ್ಲ" ಎಂದಳು.

ಅಲ್ಲಿಯೇ ನನಗೆ ತಪ್ಪು ತಿಳಿಯಿತು. ಮೂವತ್ತು ವರ್ಷ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿದ ಅಭ್ಯಾಸದಿಂದ ನಾನು ಅಭ್ಯರ್ಥಿಯ ಪಾತ್ರವನ್ನು ಪೂರ್ತಿ ಬರೆಸಿದ್ದೆ, ಮ್ಯಾನೇಜರ್ ಪಾತ್ರಕ್ಕೆ ಒಂದೊಂದು ಸಾಲು ಕೊಟ್ಟಿದ್ದೆ. ಮಾಡಬೇಕಾದದ್ದು ತಿರುಗುಮುರುಗು. ಮ್ಯಾನೇಜರ್ ಮಾತನ್ನು ಪೂರ್ತಿ ಬರೆಯಬೇಕು. ಪ್ರತಿ ಪ್ರಶ್ನೆಯ ಕೆಳಗೆ ಎರಡು ಮರುಪ್ರಶ್ನೆ ಇರಬೇಕು. ಅಭ್ಯರ್ಥಿಯ ಜಾಗದಲ್ಲಿ ನೆನಪಿಗೆ ನಾಲ್ಕು ಪದ ಸಾಕು. ಉಳಿದದ್ದು ಬಾಯಿಂದ ಬರಲಿ.

ಆದರೆ ಆ ನಾಲ್ಕು ಪದ ಎಲ್ಲಿಂದ ತರುವುದು? "ನನಗೆ ಅನುಭವವೇ ಇಲ್ಲ ಸರ್" ಎಂದಳು. ಅವಳ ತಂದೆಗೆ ಮೊಬೈಲ್ ರೀಚಾರ್ಜ್ ಅಂಗಡಿ. ಎರಡು ವರ್ಷ ಸಂಜೆ ಹೊತ್ತು ಅಂಗಡಿಯಲ್ಲಿ ಕೂತವಳಿಗೆ ಅನುಭವ ಇಲ್ಲವೆಂದರೆ ಯಾರಿಗೆ ಇರುತ್ತದೆ! ಕೆದಕಿ ಕೇಳಿದ ಮೇಲೆ ಹೇಳಿದಳು: ಒಬ್ಬರು 299 ರೂಪಾಯಿ ರೀಚಾರ್ಜ್ ಮಾಡಿಸಿದರು, ಒಂದು ಅಂಕಿ ತಪ್ಪಿ ಬೇರೆಯವರ ನಂಬರಿಗೆ ಹೋಯಿತು. ಅವರು ಅಂಗಡಿ ಮುಂದೆ ಜನ ಸೇರುವಂತೆ ಕೂಗಾಡಿದರು. ಇವಳು ಕೂರಿಸಿ, ಹೋದ ನಂಬರನ್ನು ಓದಿ ತೋರಿಸಿ, ತಪ್ಪು ತನ್ನದೆಂದು ಒಪ್ಪಿ, ಅಂಗಡಿ ಹಣದಲ್ಲೇ ಮತ್ತೊಮ್ಮೆ ರೀಚಾರ್ಜ್ ಮಾಡಿಕೊಟ್ಟಳು. ಮರುದಿನದಿಂದ ಒಂದು ನೋಟ್ ಪುಸ್ತಕ ಇಟ್ಟು, ಗಿರಾಕಿಗಳೇ ನಂಬರ್ ಬರೆಯುವಂತೆ ಮಾಡಿ, ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಬಟನ್ ಒತ್ತುತ್ತಿದ್ದಳು.

ಹೊಸ ಹಾಳೆಯಲ್ಲಿ ಅವಳ ಪಾಲಿಗೆ ಬರೆದದ್ದು ಇಷ್ಟೇ: ತಪ್ಪು ನಂಬರ್, ಕೂರಿಸಿದೆ, 299, ನೋಟ್ ಪುಸ್ತಕ. ಮ್ಯಾನೇಜರ್ ಪಾಲಿಗೆ ಬರೆದ ಮರುಪ್ರಶ್ನೆಗಳು ಎರಡು. "ಅವರು ನಿಜಕ್ಕೂ ಸರಿಯಾದ ನಂಬರ್ ಹೇಳಿದ್ದರು ಅಂತ ಹೇಗೆ ಗೊತ್ತು?" ಎರಡನೆಯದು ಇನ್ನೂ ಕಠಿಣ: "ನಮ್ಮ ಕಂಪನಿಯಲ್ಲಿ ನೀವು ಜೇಬಿನಿಂದ ಹಣ ಕೊಡುವ ಹಾಗಿಲ್ಲ. ಆಗ ಏನು ಮಾಡುತ್ತೀರಿ?" ಇದಕ್ಕೆ ಅವಳು ಒಂದು ದಿನ ಯೋಚಿಸಿ ಬಂದು, "ನನ್ನ ಅಧಿಕಾರದಲ್ಲಿ ಇರುವುದು ಎಷ್ಟು ಎಂದು ಮೊದಲು ತಿಳಿದುಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ಗ್ರಾಹಕರಿಗೆ ಮಾತು ಕೊಡುವುದಿಲ್ಲ, ಮೇಲಿನವರಿಗೆ ಕಳಿಸುತ್ತೇನೆ" ಎಂದಳು. ಅದು ನಾನು ಹೇಳಿಕೊಟ್ಟದ್ದಲ್ಲ.

ಈ ಕೆಲಸದ ಸಂದರ್ಶನದಲ್ಲಿ ಇನ್ನೊಂದು ಘಟ್ಟವಿದೆ. ಮ್ಯಾನೇಜರ್ ಇದ್ದಕ್ಕಿದ್ದಂತೆ "ಈಗ ನಾನು ಗ್ರಾಹಕ, ಕರೆ ತೆಗೆದುಕೊಳ್ಳಿ" ಎನ್ನುತ್ತಾರೆ. ಸ್ಕ್ರಿಪ್ಟಿನಲ್ಲಿ ಇದಕ್ಕೆ ಅರ್ಧ ಭಾಗ ಕೊಡಿ. ನಾವು ತೆಗೆದುಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ: ಯುಪಿಐ ಮೂಲಕ ಹಣ ಹೋಯಿತು, ಆರ್ಡರ್ ಆಗಲಿಲ್ಲ.

ಮ್ಯಾನೇಜರ್: ರೀ, ನಿನ್ನೆ 1,240 ರೂಪಾಯಿ ಕಟ್ಟಾಗಿದೆ, ಆರ್ಡರ್ ಇಲ್ಲ. ದುಡ್ಡು ನುಂಗಿ ಹಾಕ್ತೀರಾ?

ಅಭ್ಯರ್ಥಿ: ಹಣ ಹೋಗಿ ಆರ್ಡರ್ ಆಗದಿದ್ರೆ ಗಾಬರಿ ಆಗೋದು ಸಹಜ ಸರ್. ಈಗಲೇ ನೋಡ್ತೀನಿ. ನೀವು ಆ್ಯಪಿನಲ್ಲಿ ಕೊಟ್ಟಿರೋ ಮೊಬೈಲ್ ನಂಬರ್ ಹೇಳ್ತೀರಾ?

ಮ್ಯಾನೇಜರ್: ತಗೊಳ್ಳಿ, ಒಟಿಪಿನೂ ಬಂದಿದೆ, ಅದನ್ನೂ ಹೇಳ್ಲಾ?

ಅಭ್ಯರ್ಥಿ: ಬೇಡ ಸರ್, ಒಟಿಪಿ, ಪಿನ್ ಎರಡನ್ನೂ ಯಾರಿಗೂ ಹೇಳಬೇಡಿ, ನಮಗೂ ಬೇಡ. ಪೇಮೆಂಟ್ ವಿವರದಲ್ಲಿ 12 ಅಂಕಿಯ ಒಂದು ರೆಫರೆನ್ಸ್ ನಂಬರ್ ಇರುತ್ತೆ, ಅದು ಸಾಕು.

ಮ್ಯಾನೇಜರ್: ಕೊಟ್ಟೆ. ಇವತ್ತೇ ದುಡ್ಡು ಬರುತ್ತಾ?

ಇಲ್ಲಿಯೇ ಹತ್ತರಲ್ಲಿ ಎಂಟು ಮಕ್ಕಳು ಜಾರುತ್ತಾರೆ. ಮೆಚ್ಚಿಸಬೇಕೆಂದು "ಖಂಡಿತ ಬರುತ್ತೆ ಸರ್" ಎಂದುಬಿಡುತ್ತಾರೆ. ಮ್ಯಾನೇಜರ್ ಕಾಯುತ್ತಿರುವುದೇ ಆ ಮಾತಿಗೆ. ಸುಳ್ಳು ಮಾತು ಕೊಟ್ಟರೆ ಅದೇ ಗ್ರಾಹಕ ನಾಳೆ ಇನ್ನಷ್ಟು ಸಿಟ್ಟಿನಿಂದ ಮತ್ತೆ ಕರೆ ಮಾಡುತ್ತಾನೆ. ನಿಜ ಹೇಳಬೇಕಾದರೆ ನಿಯಮ ಗೊತ್ತಿರಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ಖಚಿತವಾಗದಿದ್ದರೆ, ವ್ಯವಹಾರದ ದಿನದ ನಂತರ 5 ದಿನದೊಳಗೆ ಅದು ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆಗ ಉತ್ತರ ಹೀಗಿರುತ್ತದೆ:

ಅಭ್ಯರ್ಥಿ: ಇವತ್ತೇ ಅಂತ ಹೇಳಿದ್ರೆ ತಪ್ಪಾಗುತ್ತೆ ಸರ್. ಹಣ ನಮಗೆ ತಲುಪಿಲ್ಲ, ಬ್ಯಾಂಕ್ ಕಡೆಯಿಂದ 5 ದಿನದೊಳಗೆ ನಿಮ್ಮ ಖಾತೆಗೇ ವಾಪಸ್ ಬರಬೇಕು. ನಿಮ್ಮ ದೂರು ದಾಖಲಿಸಿದ್ದೀನಿ, ಅದರ ನಂಬರ್ ಮೆಸೇಜಿನಲ್ಲಿ ಬರುತ್ತೆ.

ಮನೆಯಲ್ಲಿ ಅಭ್ಯಾಸ ಮಾಡುವಾಗ ಎರಡನೇ ಸಲ ಅದೇ ಮಾತು ಬೇಡ. "ನಿನ್ನೆ" ಎಂಬುದನ್ನು "ಎಂಟು ದಿನವಾಯಿತು" ಎಂದು ಬದಲಿಸಿ. ಉತ್ತರವೂ ಬದಲಾಗಬೇಕು: ಅವಧಿ ಮೀರಿದೆ, ರೆಫರೆನ್ಸ್ ನಂಬರ್ ಹಿಡಿದು ಬ್ಯಾಂಕಿನಲ್ಲಿ ದೂರು ಕೊಡಿ, ಪರಿಹಾರವನ್ನೂ ಕೇಳಬಹುದು. ಹುಡುಗಿ ಆಗಲೂ "5 ದಿನ ಕಾಯಿರಿ" ಎಂದರೆ ಅವಳು ಬಾಯಿಪಾಠ ಒಪ್ಪಿಸುತ್ತಿದ್ದಾಳೆ ಎಂದರ್ಥ.

ಮ್ಯಾನೇಜರ್ ಪಾತ್ರವನ್ನು ತಂದೆಯೋ ತಾಯಿಯೋ ಮಾಡಬಹುದು. ಇಂಗ್ಲಿಷ್ ಬರಬೇಕೆಂದಿಲ್ಲ, ಸಿಟ್ಟು ಬಂದರೆ ಸಾಕು! ಎದುರುಬದುರು ಕೂರಬೇಡಿ, ಇಬ್ಬರೂ ಬೇರೆ ಕೋಣೆಯಲ್ಲಿದ್ದು ಫೋನಿನಲ್ಲೇ ಮಾತಾಡಿ, ಏಕೆಂದರೆ ಕೆಲಸದಲ್ಲಿ ಕೇಳುವುದು ದನಿ ಮಾತ್ರ. ಅದನ್ನು ರೆಕಾರ್ಡ್ ಮಾಡಿ ಮಗುವಿಗೇ ಕೇಳಿಸಿ. ನಮ್ಮ ಹುಡುಗಿ ತನ್ನ ಮೊದಲ ರೆಕಾರ್ಡಿನಲ್ಲಿ ನಾಲ್ಕು ನಿಮಿಷಕ್ಕೆ ಹನ್ನೊಂದು ಸಲ "ಸಾರಿ ಸರ್" ಎಂದಿದ್ದಳು. ಒಮ್ಮೆ ಹೇಳಿದರೆ ವಿನಯ; ಹನ್ನೊಂದು ಸಲ ಹೇಳಿದರೆ ಹೇಳಲು ಬೇರೇನೂ ಇಲ್ಲವೆಂದು ಕೇಳುತ್ತದೆ. ಮತ್ತೊಂದು ದೋಷ ಮೌನ. ಕಂಪ್ಯೂಟರಿನಲ್ಲಿ ವಿವರ ಹುಡುಕುವಂತೆ ನಟಿಸುವಾಗ ಅರ್ಧ ನಿಮಿಷ ಸದ್ದಿಲ್ಲ. ಗ್ರಾಹಕ ಲೈನ್ ಕಟ್ಟಾಯಿತು ಎಂದುಕೊಳ್ಳುತ್ತಾನೆ. "ಒಂದು ನಿಮಿಷ ಸರ್, ನಿಮ್ಮ ಪೇಮೆಂಟ್ ತೆಗೆದು ನೋಡ್ತಿದ್ದೀನಿ" ಎಂಬ ಮಾತನ್ನು ಅಲ್ಲಿ ಸೇರಿಸಿದೆವು.

ತಂದೆತಾಯಂದಿರೇ, ಸ್ಕ್ರಿಪ್ಟಿನ ಒಂದು ಪ್ರಶ್ನೆ ನಿಜವಾಗಿ ನಿಮ್ಮದು. "ರಾತ್ರಿ ಪಾಳಿ ಮಾಡುತ್ತೀರಾ?" ಎಂದು ಕೇಳಿಯೇ ಕೇಳುತ್ತಾರೆ. ಹುಡುಗಿ ಅಲ್ಲಿ "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದರೆ ಕೆಲಸ ಬಹುತೇಕ ಹೋದಂತೆ. ಮೊದಲೇ ಕೂತು ಮಾತಾಡಿ: ಎಷ್ಟು ಗಂಟೆಯವರೆಗೆ, ಕಂಪನಿ ವಾಹನ ಮನೆ ಬಾಗಿಲಿಗೆ ಬರಬೇಕೇ. ಒಪ್ಪಿಗೆ ಇಲ್ಲದಿದ್ದರೆ ಅದೂ ಸರಿಯೇ, ಆದರೆ ಹಗಲು ಪಾಳಿ ಇರುವ ಕಡೆಗೇ ಅರ್ಜಿ ಹಾಕಿಸಿ.

ಕೊನೆಗೆ ಮ್ಯಾನೇಜರ್ "ನಿಮ್ಮದೇನಾದರೂ ಪ್ರಶ್ನೆ?" ಎಂದಾಗ ಅವಳು ಎರಡು ಕೇಳಬೇಕೆಂದು ಬರೆದುಕೊಂಡೆವು: ತರಬೇತಿ ಎಷ್ಟು ವಾರ, ಆ ವಾರಗಳಿಗೆ ಸಂಬಳ ಉಂಟೇ. ಎರಡನೆಯ ಕಂಪನಿಯಲ್ಲಿ ಅವಳು ಇವನ್ನು ಕೇಳಿದಳು. ತರಬೇತಿ ಮೂರು ವಾರ, ಸಂಬಳ ಉಂಟು ಎಂದರು. ಹಗಲು ಪಾಳಿಗೆ ಸೇರಿ ಈಗ ಐದು ತಿಂಗಳಾಯಿತು. ಆ ಸ್ಕ್ರಿಪ್ಟಿನ ಎರಡು ಹಾಳೆಯ ಪ್ರತಿಗಳು ಇಲ್ಲಿ ಮೇಜಿನ ಮೇಲಿವೆ. ಮ್ಯಾನೇಜರ್ ಮಾತು ತುಂಬಿದೆ, ಅಭ್ಯರ್ಥಿಯ ಜಾಗ ಖಾಲಿ ಬಿಟ್ಟಿದ್ದೇನೆ.