ಕಣ್ಣಿಗೆ ಸುಣ್ಣ ಸಿಡಿದಾಗ: ಮೊದಲ ಅರ್ಧ ಗಂಟೆ



ಮಕ್ಕಳ ಕಣ್ಣಿಗೆ ಒದಗುವ ಅಪಾಯಗಳಲ್ಲಿ ಇಂದು ಮುಖ್ಯವಾಗಿ ಒಂದನ್ನೇ ಎತ್ತಿಕೊಳ್ಳುತ್ತೇನೆ. ಅದು ಸುಣ್ಣ. ಪ್ರಯೋಗಶಾಲೆಯ ಆಮ್ಲವನ್ನು ನಾವು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ. ಸುಣ್ಣವನ್ನಾದರೋ ಯಾರೂ ರಾಸಾಯನಿಕವೆಂದು ಎಣಿಸುವುದಿಲ್ಲ. ಅಜ್ಜಿಯ ಎಲೆಯಡಿಕೆ ಚೀಲದಲ್ಲಿ, ತಂಬಾಕಿನೊಡನೆ ಅಂಗಡಿಯಲ್ಲಿ ಮಾರುವ ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಗೋಡೆಗೆ ಬಳಿಯಲು ನೆನೆಹಾಕಿದ ಬಾನಿಯಲ್ಲಿ, ಹೀಗೆ ಅದು ಮಗುವಿನ ಕೈಗೆ ಎಲ್ಲೆಡೆಯೂ ಎಟಕುತ್ತದೆ.

ನಾನು ಜತ್ತ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಅಧ್ಯಾಪಕನಾಗಿದ್ದಾಗ ಮೂರನೆಯ ತರಗತಿಯ ಹುಡುಗನೊಬ್ಬ ದಾರಿಯಲ್ಲಿ ಬಿದ್ದಿದ್ದ ಅಂಥ ಪೊಟ್ಟಣವೊಂದನ್ನು ಎತ್ತಿಕೊಂಡು ಬಂದಿದ್ದ. ಎರಡು ಬೆರಳುಗಳ ನಡುವೆ ಹಿಡಿದು ಬಲವಾಗಿ ಅದುಮಿದಾಗ ಅದು ಒಡೆದು ಸುಣ್ಣ ನೇರವಾಗಿ ಎಡಗಣ್ಣಿಗೆ ಚಿಮ್ಮಿತು. ನಾನು ಕರವಸ್ತ್ರದಿಂದ ಒರೆಸಿದೆ. ಒಂದು ತಂಬಿಗೆ ನೀರನ್ನು ಮುಖಕ್ಕೆ ಎರಚಿದೆ. ನೆರೆಮನೆಯ ತಾಯಿಯೊಬ್ಬರು ತಂಪಾಗಲೆಂದು ತುಪ್ಪದ ಹನಿ ಬಿಟ್ಟರು. ಆಮೇಲೆ ಮೋಟಾರು ಸೈಕಲ್ಲಿನ ಮೇಲೆ 40 ನಿಮಿಷಗಳ ಪ್ರಯಾಣ. ದಾರಿಯಲ್ಲಿ ಅವನ ಅಳು ತಗ್ಗಿತು. ನೋವು ಇಳಿಯಿತೆಂದು ನಾನು ಸಮಾಧಾನಪಟ್ಟೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ತೊಳೆದಿರಿ?" ಎಂಬುದಾಗಿತ್ತು. ನನ್ನಲ್ಲಿ ಹೇಳಿಕೊಳ್ಳುವಂಥ ಉತ್ತರವಿರಲಿಲ್ಲ. ಅವರು ಮೇಲಿನ ರೆಪ್ಪೆಯನ್ನು ಮಗುಚಿ, ಅದರ ಅಡಿಯಿಂದ ಸುಣ್ಣದ ಹರಳುಗಳನ್ನು ತೆಗೆದು, ತೊಳೆಯತೊಡಗಿದರು. ಕಣ್ಣು ಉಳಿಯಿತು, ಆದರೆ ಅದರ ಮುಂಭಾಗದ ಪಾರದರ್ಶಕ ಪಟಲ ಮಬ್ಬಾಗಿಯೇ ನಿಂತಿತು. ಆ ಹುಡುಗನನ್ನು ಬಳಿಕ ವರ್ಗದಲ್ಲಿ ಮುಂದಿನ ಸಾಲಿಗೆ ತಂದು ಕೂರಿಸುವಾಗಲೆಲ್ಲ ಆ ಪ್ರಶ್ನೆ ನನಗೆ ಕೇಳಿಸುತ್ತಿತ್ತು.

ನಾನು ಮಾಡಿದ ತಪ್ಪೇನೆಂದು ತಿಳಿಯಲು ಸುಣ್ಣದ ಗುಣವನ್ನು ಅರಿಯಬೇಕು. ಸುಣ್ಣವು ತೀಕ್ಷ್ಣ ಕ್ಷಾರ. ಆಮ್ಲವು ತಗುಲಿದಲ್ಲಿ ಕಣ್ಣಿನ ಮೇಲ್ಪದರದ ಸಸಾರಜನಕವನ್ನು ಹೆಪ್ಪುಗಟ್ಟಿಸುತ್ತದೆ. ಆ ಹೆಪ್ಪೇ ಎಷ್ಟೋ ಸಲ ಅದನ್ನು ಮುಂದೆ ಹೋಗದಂತೆ ತಡೆಯುತ್ತದೆ. ಕ್ಷಾರವಾದರೋ ಜೀವಕೋಶಗಳ ಕೊಬ್ಬನ್ನು ಸಾಬೂನಾಗಿ ಮಾರ್ಪಡಿಸಿ, ದಾರಿ ಮಾಡಿಕೊಂಡು ಒಳಗಿಳಿಯುತ್ತಲೇ ಇರುತ್ತದೆ. ಅದರ ಮೇಲೆ ಸುಣ್ಣದ ಹರಳೊಂದು ರೆಪ್ಪೆಯ ಅಡಿಯಲ್ಲಿ ಉಳಿದರೆ, ಕಣ್ಣೀರಿನಲ್ಲಿ ಕರಗುತ್ತ ಗಳಿಗೆಗಳಿಗೆಗೂ ಹೊಸ ಕ್ಷಾರವನ್ನು ಒದಗಿಸುತ್ತದೆ. ಆದ್ದರಿಂದ ತೊಳೆಯುವುದೇ ಇಲ್ಲಿ ಚಿಕಿತ್ಸೆ. ಆಸ್ಪತ್ರೆಗೆ ಧಾವಿಸುವ ಆತುರದಲ್ಲಿ ನಾನು ಆ ಚಿಕಿತ್ಸೆಯನ್ನೇ 40 ನಿಮಿಷ ಮುಂದೂಡಿದೆ. ಅಳು ತಗ್ಗಿದ್ದೂ ಶುಭಲಕ್ಷಣವಲ್ಲ. ಗಾಯ ಆಳವಾದಾಗ ಸ್ಪರ್ಶ ತಿಳಿಸುವ ನರಗಳೇ ಸತ್ತು ನೋವು ಕಡಿಮೆಯಾಗಬಹುದು. ಹಾಗೆಯೇ, ಕೆಂಪಾದ ಕಣ್ಣಿಗಿಂತ ರಕ್ತನಾಳಗಳು ಸುಟ್ಟು ಬೆಳ್ಳಗೆ ಬಿಳಿಚಿಕೊಂಡ ಕಣ್ಣು ಹೆಚ್ಚು ಕೆಟ್ಟಿರುತ್ತದೆ.

ಇನ್ನು ತೊಳೆಯುವ ರೀತಿ. ಮುಖದ ಮೇಲೆ ಒಣ ಪುಡಿಯಿದ್ದರೆ ಅದನ್ನು ಮೊದಲು ಒಣ ಬಟ್ಟೆಯಿಂದ ಕಣ್ಣಿನಿಂದ ಹೊರಮುಖವಾಗಿ ಕೊಡವಿಬಿಡಿ. ಮಗುವನ್ನು ಬೆಂಚಿನ ಮೇಲೆ, ನೊಂದ ಕಣ್ಣು ಕೆಳಗೆ ಬರುವಂತೆ ಪಕ್ಕಕ್ಕೆ ಮಲಗಿಸಿ. ಆಗ ತೊಳೆದ ನೀರು ಇನ್ನೊಂದು ಕಣ್ಣಿಗೆ ಹರಿಯುವುದಿಲ್ಲ. ಮಗು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡೇ ಇರುತ್ತದೆ. ಒಬ್ಬರು ತಲೆಯನ್ನು ಹಿಡಿಯಲಿ. ಇನ್ನೊಬ್ಬರು ಹುಬ್ಬಿನ ಮೂಳೆಯ ಮೇಲೆ ಒಂದು ಬೆರಳು, ಕೆನ್ನೆಯ ಮೂಳೆಯ ಮೇಲೆ ಒಂದು ಬೆರಳು ಊರಿ ರೆಪ್ಪೆಗಳನ್ನು ಬಿಡಿಸಲಿ. ಕಣ್ಣುಗುಡ್ಡೆಯ ಮೇಲೆ ಒತ್ತಡ ಬೀಳಬಾರದು. ಮೂರನೆಯವರು ಮೂಗಿನ ಬದಿಯಿಂದ ಕಿವಿಯ ಕಡೆಗೆ ಹರಿಯುವಂತೆ ಸಣ್ಣ ಧಾರೆಯಾಗಿ ನೀರು ಬಿಡಲಿ. ಮೇಲೆ ನೋಡು, ಕೆಳಗೆ ನೋಡು, ಅತ್ತ ನೋಡು, ಇತ್ತ ನೋಡು ಎಂದು ಮಗುವಿಗೆ ಹೇಳುತ್ತಿದ್ದರೆ ನೀರು ಮೂಲೆಮೂಲೆಗೂ ತಲಪುತ್ತದೆ. ಹರಳುಗಳು ಕಂಡರೆ ಒದ್ದೆ ಬಟ್ಟೆಯ ತುದಿಯಿಂದ ಮೆಲ್ಲನೆ ತೆಗೆಯಬಹುದು. ರೆಪ್ಪೆ ಮಗುಚಲು ಬಾರದಿದ್ದರೆ, ಮೇಲಿನ ರೆಪ್ಪೆಯನ್ನು ಕೂದಲು ಹಿಡಿದು ತುಸು ಮುಂದಕ್ಕೆಳೆದು ಅದರ ಅಡಿಗೂ ಧಾರೆ ಬಿಡಿ.

ಹೀಗೆ ಕನಿಷ್ಠ ಅರ್ಧ ಗಂಟೆ. ನಿಮಿಷಕ್ಕೆ ಒಂದು ಲೀಟರಿನಂತೆ ಲೆಕ್ಕ ಹಾಕಿದರೆ 30 ಲೀಟರ್, ಅಂದರೆ ಎರಡು ದೊಡ್ಡ ಬಕೆಟ್. ಒಂದು ತಂಬಿಗೆ ಎಲ್ಲಿ, ಎರಡು ಬಕೆಟ್ ಎಲ್ಲಿ! ನಲ್ಲಿಯ ನೀರಾಗಲಿ, ಮಡಕೆಯ ಕುಡಿಯುವ ನೀರಾಗಲಿ ಸಾಕು. ಆರಿಸಿದ ನೀರಿಗಾಗಿ ಕಾಯಬಾರದು. ತುಪ್ಪ, ಎಣ್ಣೆ, ಎದೆಹಾಲು ಬೇಡ. ಕ್ಷಾರಕ್ಕೆ ಆಮ್ಲ ಎದುರಾಳಿಯೆಂದು ವಿಜ್ಞಾನದ ಪಾಠ ನೆನೆದು ನಿಂಬೆರಸ ಹಿಂಡುವ ಜಾಣತನವೂ ಬೇಡ. ನೀವು ತೊಳೆಯುತ್ತಿರುವಾಗ ಮತ್ತೊಬ್ಬರು 108ಕ್ಕೆ ಕರೆ ಮಾಡಲಿ. ಅರ್ಧ ಗಂಟೆಯ ಬಳಿಕ ಕಣ್ಣು ಚೆನ್ನಾಗಿ ಕಂಡರೂ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು.

ಈ ನಿಯಮ ತಲೆಕೆಳಗಾಗುವ ಒಂದು ಸಂದರ್ಭವಿದೆ. ಅದನ್ನು ಮರೆತರೆ ಮೇಲೆ ಹೇಳಿದ್ದೇ ಹಾನಿಯಾದೀತು. ಕಾಸರಗೋಡಿನ ಕಡೆ ವಿಷುವಿಗೆ, ಉಳಿದೆಡೆ ದೀಪಾವಳಿಗೆ ಪಟಾಕಿ ಸಿಡಿಯುತ್ತದೆ. ಕಿಡಿ ಹಾರಿ ಮಸಿಯಷ್ಟೇ ಬಿದ್ದಿದ್ದರೆ ತೊಳೆಯಬಹುದು. ಆದರೆ ಪಟಾಕಿಯ ಚೂರು ಬಡಿದು ಕಣ್ಣಿನಲ್ಲಿ ರಕ್ತ ಕಂಡರೆ, ಪಾಪೆಯ ದುಂಡು ಕೆಟ್ಟು ಹನಿಯಂತೆ ಜಗ್ಗಿದ್ದರೆ, ಕಪ್ಪಾದುದೇನೋ ಹೊರಚಾಚಿದ್ದರೆ, ಇಲ್ಲವೆ ನೋಟ ಒಮ್ಮೆಲೇ ಹೋಗಿದ್ದರೆ, ಗುಡ್ಡೆ ಹರಿದಿರಬಹುದು. ಅಂಥ ಕಣ್ಣನ್ನು ತೊಳೆಯಬಾರದು, ಒತ್ತಬಾರದು, ಚುಚ್ಚಿಕೊಂಡದ್ದನ್ನು ಕೀಳಬಾರದು, ಮುಲಾಮು ಹಚ್ಚಬಾರದು. ಕಾಗದದ ಲೋಟವೊಂದರ ಬುಡವನ್ನು ಕತ್ತರಿಸಿ, ಅದರ ಅಂಚು ಹುಬ್ಬು ಮತ್ತು ಕೆನ್ನೆಯ ಮೂಳೆಗಳ ಮೇಲೆ ಮಾತ್ರ ಕೂರುವಂತೆ ಟೇಪಿನಿಂದ ಅಂಟಿಸಿ, ತಲೆ ಎತ್ತರವಾಗಿರುವಂತೆ ಕೂರಿಸಿಕೊಂಡು ಕೂಡಲೇ ಹೊರಡಿ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬೇಕಾಗಬಹುದಾದ್ದರಿಂದ ಊಟ, ನೀರು ಕೊಡಬೇಡಿ. ರಂಗಪಂಚಮಿಯಲ್ಲಿ ಕಣ್ಣಿಗೆ ಬಡಿದ ನೀರಿನ ಬಲೂನನ್ನೂ ಹೀಗೆಯೇ ಪೆಟ್ಟೆಂದು ಎಣಿಸಬೇಕು, ಬಣ್ಣವೆಂದಲ್ಲ.

ಬಣ್ಣದ ಪುಡಿಯ ವಿಷಯ ಸರಳ. ಉಜ್ಜಿದರೆ ಪುಡಿಯ ಕಣಗಳು ಪಟಲವನ್ನು ಗೀರುತ್ತವೆ. ಆದ್ದರಿಂದ ಮೊದಲು ಮಗುವಿನ ಕೈ ಹಿಡಿಯಿರಿ, ಆಮೇಲೆ 10–15 ನಿಮಿಷ ತೊಳೆಯಿರಿ. ಬಳಿಕ ಪರೀಕ್ಷೆಗೆ ನಮ್ಮ ಕರಿಹಲಗೆಯೇ ಸಾಕು: ಒಂದೊಂದೇ ಕಣ್ಣು ಮುಚ್ಚಿಸಿ ಅದರ ಮೇಲಿನ ಅಕ್ಷರಗಳನ್ನು ಓದಿಸಿ. ನೊಂದ ಕಣ್ಣಿಗೆ ಮಬ್ಬಾಗಿ ಕಂಡರೆ, ಬೆಳಕು ನೋಡಲಾಗದಿದ್ದರೆ, ನೋವು ಗಂಟೆಯಾದರೂ ಇಳಿಯದಿದ್ದರೆ ಅಂದೇ ವೈದ್ಯರ ಬಳಿಗೆ. ಔಷಧದಂಗಡಿಯವರು ಕೊಟ್ಟ ಹನಿಗಳನ್ನು ಹಾಕಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ, ಗೀರಿದ ಜಾಗದಲ್ಲಿ ಸೋಂಕು ಉಲ್ಬಣಿಸುತ್ತದೆ.

ಗಡಿನಾಡಿನ ನಮಗೆ ಇನ್ನೊಂದು ಕೆಲಸವಿದೆ. ನಮ್ಮ ಮಗು ಕನ್ನಡದಲ್ಲಿ ಹೇಳುವುದು ಆಸ್ಪತ್ರೆಯಲ್ಲಿ ಎಲ್ಲರಿಗೂ ತಿಳಿಯಲಾರದು. ಅಧ್ಯಾಪಕರೊಬ್ಬರು ಜೊತೆಗೆ ಹೋಗಲಿ. ಕಣ್ಣಿಗೆ ಏನು ಬಿತ್ತು, ಎಷ್ಟು ಗಂಟೆಗೆ, ಎಷ್ಟು ಹೊತ್ತು ತೊಳೆದೆವು ಎಂಬುದನ್ನು ಒಂದು ಚೀಟಿಯಲ್ಲಿ ಅಲ್ಲಿನ ಭಾಷೆಯಲ್ಲಿ ಬರೆದುಕೊಂಡಿರಲಿ. ಸುಣ್ಣಕ್ಕೆ ಮರಾಠಿಯಲ್ಲಿ ಚುನಾ, ತೆಲುಗಿನಲ್ಲಿ ಸುನ್ನಂ, ತಮಿಳಿನಲ್ಲಿ ಸುಣ್ಣಾಂಬು, ಮಲಯಾಳದಲ್ಲಿ ಚುಣ್ಣಾಂಬು ಎನ್ನುತ್ತಾರೆ. ಒಡೆದ ಪೊಟ್ಟಣವನ್ನೂ ಒಂದು ಚೀಲದಲ್ಲಿ ಹಾಕಿ ಕೊಂಡೊಯ್ಯಿರಿ.