ಎಷ್ಟು ಕೊಡ್ತಾರೆ?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)

ವೇದಿಕೆಯ ಮೇಲಿರುವ ಗುರುಗಳೇ, ಊರಿನ ಹಿರಿಯರೇ, ನನಗಿಂತ ಮುಂಚೆ ಈ ಬೆಂಚುಗಳಲ್ಲಿ ಕೂತಿದ್ದ ಅಣ್ಣಂದಿರೇ ಅಕ್ಕಂದಿರೇ, ನನ್ನ ನಂತರ ಕೂತ ತಮ್ಮಂದಿರೇ ತಂಗಿಯರೇ, ಈಗ ಹಿಂದಿನ ಸಾಲಿನಲ್ಲಿ ಗುಸುಗುಸು ಮಾಡುತ್ತಿರುವ ಹತ್ತನೇ ತರಗತಿಯ ಮಕ್ಕಳೇ,

ಗಮನಿಸಿದಿರಾ? ನಿಮ್ಮನ್ನು ಕರೆಯುವುದಕ್ಕೇ ನನಗೆ ನಿಮ್ಮ ವಯಸ್ಸು ಬೇಕಾಯಿತು. ಇಂಗ್ಲಿಷಿನಲ್ಲಿ 'ಬ್ರದರ್ಸ್ ಅಂಡ್ ಸಿಸ್ಟರ್ಸ್' ಅಂದಿದ್ದರೆ ಬೇಕಾಗುತ್ತಿರಲಿಲ್ಲ. ಆ ಭಾಷೆಯಲ್ಲಿ ಬ್ರದರ್ ಅಂದರೆ ದೊಡ್ಡವನೂ ಆಗಬಹುದು, ಚಿಕ್ಕವನೂ ಆಗಬಹುದು. ನಮ್ಮಲ್ಲಿ ಹಾಗೆ ತೇಲಿಸಿ ಹೇಳುವುದು ಕಷ್ಟ. ಅಪ್ಪನ ಒಡಹುಟ್ಟಿದವನನ್ನು ಕರೆಯಬೇಕಾದರೂ ಅವನು ಅಪ್ಪನಿಗಿಂತ ದೊಡ್ಡವನೋ ಚಿಕ್ಕವನೋ ಗೊತ್ತಿರಬೇಕು. ದೊಡ್ಡಪ್ಪನೋ ಚಿಕ್ಕಪ್ಪನೋ ತೀರ್ಮಾನ ಆಗುವುದೇ ಅಲ್ಲಿ.

ಮುಖ್ಯೋಪಾಧ್ಯಾಯರು ನನಗೆ 'ತಂತ್ರಜ್ಞಾನ ಮತ್ತು ಯುವಜನತೆ' ಎಂಬ ವಿಷಯ ಕೊಟ್ಟಿದ್ದರು. ಅದನ್ನು ಬಿಟ್ಟು ನಾನು ಮೂರು ಪ್ರಶ್ನೆಗಳ ಬಗ್ಗೆ ಮಾತಾಡುತ್ತೇನೆ: ವಯಸ್ಸೆಷ್ಟು, ಏನು ಕೆಲಸ, ಸಂಬಳ ಎಷ್ಟು. ಹೊರದೇಶದವರ ಜೊತೆ ದಿನವೂ ಫೋನಿನಲ್ಲಿ ಮಾತಾಡುವ ಕೆಲಸ ನನ್ನದು. ನಿಮ್ಮಲ್ಲಿ ಕೆಲವರು ನಾಳೆ ಅಂಥ ಕೆಲಸಕ್ಕೇ ಬರುತ್ತೀರಿ. ಈ ಮೂರು ಪ್ರಶ್ನೆಗಳನ್ನು ಕೇಳಿದ್ದಕ್ಕೆ ನಮ್ಮವರನ್ನು 'ಇವರಿಗೆ ಮರ್ಯಾದೆ ಗೊತ್ತಿಲ್ಲ' ಎಂದುಕೊಂಡವರನ್ನು ನೋಡಿದ್ದೇನೆ. ಮರ್ಯಾದೆ ಕೊಡುವುದಕ್ಕೆಂದೇ ನಾವು ಕೇಳುತ್ತೇವೆ ಎನ್ನುವುದು ಅವರಿಗೆ ಹೊಳೆಯುವುದಿಲ್ಲ.

ಮೊದಲು ವಯಸ್ಸು. ಕನ್ನಡದಲ್ಲಿ ಎದುರಿಗಿರುವವರ ಜೊತೆ ಒಂದು ವಾಕ್ಯ ಆಡಬೇಕಾದರೂ 'ಬಾ' ಅನ್ನಬೇಕೋ 'ಬನ್ನಿ' ಅನ್ನಬೇಕೋ ಆರಿಸಿಕೊಳ್ಳಲೇಬೇಕು. ಎದುರಿಗೆ ಇಲ್ಲದವರ ಬಗ್ಗೆಯೂ ಅಷ್ಟೇ: 'ಬಂದ' ಅಂದರೆ ಒಂದು, 'ಬಂದರು' ಅಂದರೆ ಇನ್ನೊಂದು. ಕ್ರಿಯಾಪದದ ಬಾಲದಲ್ಲೇ ಲೆಕ್ಕ ಕೂತಿದೆ. ಇಂಗ್ಲಿಷಿನಲ್ಲೂ ಹಿಂದೆ 'ದೌ' ಮತ್ತು 'ಯೂ' ಎಂಬ ಎರಡು ಪದ ಇದ್ದವು. 17ನೇ ಶತಮಾನದ ಹೊತ್ತಿಗೆ 'ದೌ' ದಿನಬಳಕೆಯಿಂದ ಜಾರತೊಡಗಿ 'ಯೂ' ಒಂದೇ ಉಳಿಯಿತು. ಅಲ್ಲಿಂದಾಚೆ ಅವರಿಗೆ ಮಾತು ಶುರುಮಾಡಲು ಎದುರಿಗಿರುವವರ ವಯಸ್ಸು ಬೇಕಿಲ್ಲ. ಬೇಕಿಲ್ಲದ್ದನ್ನು ಕೇಳಿದರೆ 'ಇವನಿಗೇಕೆ?' ಅನ್ನಿಸುವುದು ಸಹಜ.

ಆದರೆ ನಾವೂ ನೇರವಾಗಿ ಕೇಳುವುದಿಲ್ಲ, ನೋಡಿ. 'ನಿಮ್ಮ ವಯಸ್ಸೆಷ್ಟು?' ಎಂದು ಕೇಳುವವರು ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು, ಇಲ್ಲವೇ ಜನಗಣತಿಗೆ ಬರುವ ಮೇಷ್ಟ್ರು. ಬೇರೆಯವರು ಕೇಳುವುದು 'ಎಸ್ಸೆಸ್ಸೆಲ್ಸಿ ಯಾವ ವರ್ಷ?', 'ಯಾವ ಬ್ಯಾಚು?', 'ನಮ್ಮ ದೊಡ್ಡವನ ಜೊತೆಯವನೇನಪ್ಪ?'. ಬೆಳಗ್ಗೆಯಿಂದ ಈ ಆವರಣದಲ್ಲಿ ನೂರಾರು ಸಲ ಕೇಳಿಬಂದ ಪ್ರಶ್ನೆ 'ಯಾವ ಬ್ಯಾಚು?'. ಉತ್ತರ ಬಂದ ಮುಂದಿನ ಕ್ಷಣಕ್ಕೇ 'ನೀವು' ಹೋಗಿ 'ನೀನು' ಬರುತ್ತದೆ, ಇಲ್ಲವೇ 'ಗೊತ್ತಾಗಲಿಲ್ಲ ಅಣ್ಣ' ಬರುತ್ತದೆ. ಆ ಪ್ರಶ್ನೆಯ ಕೆಲಸ ಅಲ್ಲಿಗೆ ಮುಗಿಯಿತು. ವಯಸ್ಸನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆಯ ಹಿಂದೆ ಇನ್ನೊಂದು ನೆರಳಿದೆ. ವಯಸ್ಸಾಯಿತೆಂದು ಕೆಲಸ ಕೊಡದಿರುವುದು, ಕೆಲಸದಿಂದ ತೆಗೆಯುವುದು ಅಲ್ಲಿ ಎಷ್ಟು ನಡೆದಿತ್ತೆಂದರೆ, 40 ದಾಟಿದವರ ರಕ್ಷಣೆಗೆ 1967ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಹಾಗಾಗಿ ಕಚೇರಿಯಲ್ಲಿ ಯಾರಾದರೂ ವಯಸ್ಸು ಕೇಳಿದರೆ ಐವತ್ತೈದರ ಮನುಷ್ಯನಿಗೆ 'ಅಣ್ಣ ಅನ್ನಬೇಕೋ ಏನೋ' ಎಂದು ಕೇಳಿಸುವುದಿಲ್ಲ. 'ನಿನ್ನನ್ನು ಯಾವಾಗ ಕಳಿಸೋಣ' ಎಂದು ಕೇಳಿಸುತ್ತದೆ.

ಕೆಲಸದ ಪ್ರಶ್ನೆ ಅಷ್ಟು ತೊಡಕಿನದಲ್ಲ. 'ವಾಟ್ ಡು ಯೂ ಡೂ?' ಎಂದು ಅವರೂ ಕೇಳುತ್ತಾರೆ. ಅವರು ಅಲ್ಲಿಗೆ ನಿಲ್ಲುತ್ತಾರೆ, ನಾವು ಪರ್ಮನೆಂಟೋ ಕಾಂಟ್ರಾಕ್ಟೋ, ಅಪ್ಪ ಏನು ಮಾಡುತ್ತಾರೆ ಎಂದು ಮುಂದುವರಿಯುತ್ತೇವೆ, ಅಷ್ಟೇ.

ನಿಜವಾದ ತೊಡಕಿರುವುದು ಸಂಬಳದಲ್ಲಿ. ಹೆಣ್ಣಿನ ವಯಸ್ಸು, ಗಂಡಿನ ಸಂಬಳ ಕೇಳಬಾರದು ಎಂಬ ಮಾತು ನಮ್ಮಲ್ಲೂ ಇದೆ. ಹೇಳಿದವರೇ ಎರಡನ್ನೂ ಕೇಳುತ್ತಾರೆ, ಅದು ಬೇರೆ ಮಾತು. ಆದರೆ ಕೇಳುವ ರೀತಿ ನೋಡಿ. ರೈಲಿನಲ್ಲಿ ಎದುರು ಸೀಟಿನ ಯಜಮಾನರು 'ಎಷ್ಟು ಕೊಡ್ತಾರೆ?' ಅನ್ನುತ್ತಾರೆ. ಈ ವಾಕ್ಯದಲ್ಲಿ ನೀವು ಇಲ್ಲವೇ ಇಲ್ಲ, ಕೊಡುವವನು ಇದ್ದಾನೆ. ಇಲ್ಲವೇ 'ಕೈಗೆ ಎಷ್ಟು ಬರುತ್ತೆ?' ಅನ್ನುತ್ತಾರೆ. ಅಲ್ಲಿ ದುಡ್ಡೇ ಕರ್ತೃ, ಅದು ತಾನಾಗಿ ನಡೆದುಬರುತ್ತದೆ. ಉತ್ತರವೂ ಹಾಗೇ: 'ಏನೋ ಬರುತ್ತೆ ಸ್ವಾಮಿ, ಬೆಂಗಳೂರಿನ ಬಾಡಿಗೆಗೆ ಸಾಕು' ಅಂದರೆ ಯಜಮಾನರಿಗೆ ತೃಪ್ತಿ. 'ಹೌದಪ್ಪ, ಬಾಡಿಗೆ ವಿಪರೀತ' ಎಂದು ಅವರು ಮಾತನ್ನು ಮಗನ ಕಡೆ ತಿರುಗಿಸುತ್ತಾರೆ. ಅವರಿಗೆ ಅಂಕಿ ಬೇಕಿರಲಿಲ್ಲ. 'ಊಟ ಆಯ್ತಾ?' ಎಂದವರು ಎಷ್ಟು ಮುದ್ದೆ ಉಂಡೆ ಎಂಬ ಲೆಕ್ಕ ಕೇಳಿದ್ದಲ್ಲವಲ್ಲ, ಹಾಗೆ.

ಇದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರೆ 'ಹೌ ಮಚ್ ಡು ಯೂ ಅರ್ನ್?' ಆಗುತ್ತದೆ. ಕೊಡುವವನು ಮಾಯವಾದ, ದುಡ್ಡು ಹಿಂದೆ ಸರಿಯಿತು, 'ನೀನು' ಎದುರಿಗೆ ಬಂದು ನಿಂತ. ಉತ್ತರಕ್ಕೆ ಉಳಿದಿರುವುದು ಎರಡೇ ದಾರಿ: ಅಂಕಿ ಹೇಳಬೇಕು, ಇಲ್ಲ ಬಾಯಿ ಮುಚ್ಚಬೇಕು. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಒಂದು ದಿನ ಮೀಟಿಂಗು ಶುರುವಾಗುವ ಮುಂಚಿನ ಐದು ನಿಮಿಷದಲ್ಲಿ ಲಂಡನ್ನಿನ ಸಹೋದ್ಯೋಗಿಗೆ ಇದನ್ನೇ ಕೇಳಿದ. ಆತ ನಕ್ಕು 'ನಾಟ್ ಇನಫ್!' ಅಂದ. ಹುಡುಗನೂ ನಕ್ಕು, 'ಆದರೂ ಸುಮಾರು ಎಷ್ಟು?' ಅನ್ನುವ ಅರ್ಥದಲ್ಲಿ ಮತ್ತೆ ಕೇಳಿದ. ಆಚೆ ಕಡೆ ಒಂದು ಕ್ಷಣ ಮೌನ, ಆಮೇಲೆ 'ಸೋ, ಶಲ್ ವಿ ಸ್ಟಾರ್ಟ್?'.

ಮಕ್ಕಳೇ, ಇಲ್ಲಿ ಎರಡು ಗುರುತು ಇವೆ. ಆ ನಗು ಬಾಗಿಲು ಮುಚ್ಚಿದ ಸದ್ದು. ನಮ್ಮಲ್ಲಿ 'ಎಲ್ಲಿ ಸಾಲುತ್ತೆ ಬಿಡಿ' ಅಂದರೆ ಮಾತು ಶುರುವಾಯಿತು ಎಂದರ್ಥ, ಅವರಲ್ಲಿ ಮುಗಿಯಿತು ಎಂದರ್ಥ. ಎರಡನೆಯದು, ವಿಷಯ ಬದಲಾದ ಆ 'ಸೋ'. ಮೊದಲ ಪ್ರಶ್ನೆಯನ್ನು ಆತ ಕ್ಷಮಿಸಿದ್ದ, ಮುಜುಗರವಾದದ್ದು ಎರಡನೆಯದಕ್ಕೆ. ನಾಲ್ಕು ಮಾತು ಬೆಳೆಸಿ ಹತ್ತಿರವಾಗಬೇಕೆಂದಿದ್ದರೆ ಅವರ ರೂಢಿ ಬೇರೆ: ಕೇಳುವ ಬದಲು ತನ್ನದನ್ನು ಮೊದಲು ಹೇಳುವುದು. 'ನನ್ನ ಮಗಳು ಈ ವರ್ಷ ಶಾಲೆ ಸೇರಿದಳು' ಎಂದು ನೀವು ಹೇಳಿ ಸುಮ್ಮನಾದರೆ, ಹೇಳಬೇಕೆನಿಸಿದವನು ತನ್ನ ಮನೆಯ ಸಂಗತಿ ತಾನೇ ಹೇಳುತ್ತಾನೆ. ಹೇಳದಿದ್ದರೆ ಅದೂ ಒಂದು ಉತ್ತರ.

ಇಷ್ಟು ಕೇಳಿದ ಮೇಲೆ ಅವರದೇ ಸುಸಂಸ್ಕೃತ ರೀತಿ, ನಮ್ಮದು ಹಳ್ಳಿಗಾಡಿನದು ಎಂದು ತೀರ್ಮಾನಿಸಬೇಡಿ. ಸಂಬಳದ ಮೌನಕ್ಕೆ ಬೆಲೆ ತೆತ್ತವರಿದ್ದಾರೆ. ಅಮೆರಿಕದ ಅಲಬಾಮಾ ರಾಜ್ಯದ ಗ್ಯಾಡ್ಸ್‌ಡೆನ್ ಎಂಬ ಊರಿನ ಗುಡ್‌ಇಯರ್ ಟೈರ್ ಕಾರ್ಖಾನೆಗೆ ಲಿಲಿ ಲೆಡ್‌ಬೆಟರ್ ಎಂಬಾಕೆ 1979ರಲ್ಲಿ ಸೇರಿದರು. ಸಂಬಳದ ವಿಷಯ ಯಾರ ಹತ್ತಿರವೂ ಮಾತಾಡಬಾರದೆಂದು ಅಲ್ಲಿ ತಮಗೆ ಹೇಳಲಾಗಿತ್ತು ಎಂದು ಆಕೆ ಮುಂದೆ ಹೇಳಿದ್ದಾರೆ. ಹತ್ತೊಂಬತ್ತು ವರ್ಷ ದುಡಿದು ನಿವೃತ್ತಿಯ ಹೊಸ್ತಿಲಿಗೆ ಬಂದಾಗ ಯಾರೋ ಹೆಸರು ಬರೆಯದೆ ಒಂದು ಚೀಟಿ ಕಳಿಸಿದರು. ಅದರಲ್ಲಿ ಆಕೆಯ ಸಂಬಳ, ಅದೇ ಹುದ್ದೆಯ ಗಂಡಸರ ಸಂಬಳ ಇತ್ತು. ನ್ಯಾಯಾಲಯದ ದಾಖಲೆಯಂತೆ 1997ರ ಕೊನೆಗೆ ಆಕೆಗೆ ತಿಂಗಳಿಗೆ 3,727 ಡಾಲರ್. ಅದೇ ಹುದ್ದೆಯ ಗಂಡಸರಲ್ಲಿ ಎಲ್ಲರಿಗಿಂತ ಕಡಿಮೆ ಪಡೆಯುತ್ತಿದ್ದವನಿಗೆ 4,286, ಹೆಚ್ಚಿನವನಿಗೆ 5,236. ಆಕೆ ದಾವೆ ಹೂಡಿದರು. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸಂಬಳ ತೀರ್ಮಾನಿಸಿದ 180 ದಿನದೊಳಗೆ ದೂರು ಕೊಡಬೇಕಿತ್ತು ಎಂದು ಐದು–ನಾಲ್ಕರ ಬಹುಮತದಲ್ಲಿ ಆಕೆಯ ವಿರುದ್ಧ ತೀರ್ಪು ಕೊಟ್ಟಿತು. ಯಾರೂ ಯಾರನ್ನೂ ಕೇಳದ ಜಾಗದಲ್ಲಿ 180 ದಿನದೊಳಗೆ ಗೊತ್ತಾಗುವುದು ಹೇಗೆ? 2009ರಲ್ಲಿ ಕಾನೂನನ್ನೇ ತಿದ್ದಿದರು, ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು. ಆಕೆಗೆ ಮಾತ್ರ ಆ ಹಣ ಬರಲಿಲ್ಲ.

ನಮ್ಮೂರಿನ ಅರಳಿಕಟ್ಟೆಯಾಗಿದ್ದರೆ ಮೊದಲ ತಿಂಗಳೇ ಯಾರಾದರೂ 'ಅವನಿಗೆ ಅಷ್ಟು ಕೊಡ್ತಾರಂತೆ, ನಿನಗೆ ಎಷ್ಟಮ್ಮ?' ಎಂದು ಕೇಳಿಬಿಡುತ್ತಿದ್ದರು.

ಅಮೆರಿಕದಲ್ಲಿ ಸಾಮಾನ್ಯ ನೌಕರರು ತಮ್ಮ ತಮ್ಮಲ್ಲಿ ಸಂಬಳ ಮಾತಾಡಿಕೊಳ್ಳುವ ಹಕ್ಕಿಗೆ 1935ರ ಕಾನೂನಿನಿಂದಲೇ ರಕ್ಷಣೆ ಇದೆ. ಅಂದರೆ ಕಾನೂನು ಕೇಳು ಅನ್ನುತ್ತದೆ, ರೂಢಿ ಕೇಳಬೇಡ ಅನ್ನುತ್ತದೆ. ತಮಾಷೆಯೆಂದರೆ, ಈಗ ಅಲ್ಲಿನ ಕೆಲವು ರಾಜ್ಯಗಳು ನಿಷೇಧಿಸಿರುವುದು ಕೆಲಸ ಕೊಡುವವನು ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವುದನ್ನು. 2016ರಲ್ಲಿ ಮ್ಯಾಸಚೂಸೆಟ್ಸ್ ಅಂಥ ಕಾನೂನು ಮಾಡಿತು. ಹಿಂದೆ ಕಡಿಮೆ ಪಡೆದವರಿಗೆ ಮುಂದೆಯೂ ಕಡಿಮೆಯೇ ಗತಿಯಾಗಬಾರದೆಂದು. ಯಾರು ಕೇಳುತ್ತಾರೆ ಎಂಬುದರ ಮೇಲೆ ಒಂದೇ ಪ್ರಶ್ನೆ ಎರಡು ಬಗೆ ಆಗುತ್ತದೆ.

ನಮ್ಮ ಕಡೆಯ ದೋಷವನ್ನೂ ಹೇಳಿಬಿಡುತ್ತೇನೆ. ರೈಲಿನ ಯಜಮಾನರು ಕೇಳುವುದಕ್ಕೂ ಮದುವೆ ಮನೆಯ ಪಂಕ್ತಿಯಲ್ಲಿ ಹತ್ತು ಜನರೆದುರು 'ಇನ್ನೂ ಕೆಲಸ ಆಗಲಿಲ್ವಾ? ನಮ್ಮವನಿಗೆ ಅರವತ್ತು ಸಾವಿರ' ಎನ್ನುವುದಕ್ಕೂ ವ್ಯತ್ಯಾಸ ಇದೆ. ಇಲ್ಲಿ ಕೇಳುವವರಿಗೆ ಉತ್ತರ ಗೊತ್ತಿರುತ್ತದೆ, ಅವರು ಕೇಳುವುದು ತಮ್ಮದನ್ನು ಹೇಳಿಕೊಳ್ಳಲು. ಕೆಲಸವಿಲ್ಲದ ಹುಡುಗರು, ಮದುವೆ ಗೊತ್ತಾಗದ ಹೆಣ್ಣುಮಕ್ಕಳು ಜಾತ್ರೆಗೆ ಊರಿಗೆ ಬರುವುದನ್ನೇ ಬಿಟ್ಟಿದ್ದಾರೆ, ಈ ಪ್ರಶ್ನೆಗೆ ಹೆದರಿ. ಅಂಥ ಕಡೆ ನನಗೆ ಇಂಗ್ಲಿಷಿನವರ ಮೌನವೇ ಮೇಲು ಅನ್ನಿಸುತ್ತದೆ.

ಕೊನೆಯದಾಗಿ, ಮುಂದೆ ಕೆಲಸಕ್ಕೆ ಸೇರುವವರಿಗೆ. ಇಂಗ್ಲಿಷಿನಲ್ಲಿ ಸಂಬಳ ತಿಳಿಯಬೇಕಾದರೆ 'ನಿನಗೆಷ್ಟು' ಎಂದು ಕೇಳಬೇಡಿ. 'ಮೂರು ವರ್ಷ ಅನುಭವ ಇರುವವರಿಗೆ ಈ ಹುದ್ದೆಗೆ ಸಾಮಾನ್ಯವಾಗಿ ಎಷ್ಟರಿಂದ ಎಷ್ಟು ಕೊಡುತ್ತಾರೆ' ಎಂದು ಕೇಳಿ. ಯಾರ ಮುಖಕ್ಕೂ ತಗಲುವುದಿಲ್ಲ, ಬೇಕಾದ ಅಂಕಿ ಸಿಗುತ್ತದೆ. ನಮ್ಮ ಯಜಮಾನರ 'ಎಷ್ಟು ಕೊಡ್ತಾರೆ?' ಕೂಡ ಇದೇ ಅಲ್ಲವೇ? ಕನ್ನಡದಲ್ಲಾದರೆ 'ಕೈಗೆ ಎಷ್ಟು?' ಅನ್ನುವುದನ್ನು ಮರೆಯಬೇಡಿ. ಕಂಪನಿಯವರು ಹೇಳುವ ವಾರ್ಷಿಕ ಮೊತ್ತದಲ್ಲಿ ಅವರು ಕಟ್ಟುವ ಭವಿಷ್ಯನಿಧಿಯ ಪಾಲು, ಗ್ರ್ಯಾಚುಟಿ, ಬಂದರೂ ಬರಬಹುದಾದ ಬೋನಸ್ಸು ಎಲ್ಲ ಸೇರಿರುತ್ತವೆ. ಅದನ್ನು ಹನ್ನೆರಡರಿಂದ ಭಾಗಿಸಿ ಮನೆಯಲ್ಲಿ ಹೇಳಿದರೆ ಮೊದಲ ತಿಂಗಳೇ ಅಪ್ಪ ಅಮ್ಮನಿಗೆ ಬೇಸರವಾಗುತ್ತದೆ.

ನನಗೆ ಎಷ್ಟು ಕೊಡ್ತಾರೆ ಎಂದು ಹಿಂದಿನ ಸಾಲಿನಲ್ಲಿ ಆಗಲೇ ಪಿಸುಮಾತು ನಡೆದಿದೆ. ಮೈಕಿನಲ್ಲಿ ಹೇಳುವುದಿಲ್ಲ. ಊಟಕ್ಕೆ ಪಕ್ಕದಲ್ಲಿ ಬಂದು ಕೂತವರಿಗೆ, ಹಿಡಿತ ಹೋಗಿ ಕೈಗೆ ಬರುವುದೆಷ್ಟು ಎಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ.